ಪುಸ್ತಕದ ಮಾತು, ವಿದ್ಯಾರ್ಥಿಯ ತರ್ಕ: ಮನೆಯಲ್ಲಿ ಬರೆದ ಉತ್ತರಕ್ಕೆ ಅಂಕ ಕೊಡುವ ಬಗೆ

ಲಂಡನ್ನಿನ ವಾಯವ್ಯ ಭಾಗದಲ್ಲಿರುವ ಕೊಲಿಂಡೇಲ್ ಎಂಬ ಬಡಾವಣೆಯ ಹೆಸರನ್ನು ಹೊರಗಿನವರು ಅಷ್ಟಾಗಿ ಕೇಳಿರಲಾರರು. ಆದರೆ ಸೂಕ್ಷ್ಮಜೀವಿಶಾಸ್ತ್ರವನ್ನು ಓದಿದವರಿಗೆ ಅದು ಪರಿಚಿತವಾದ ಹೆಸರು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯ ಕೇಂದ್ರ ಪ್ರಯೋಗಾಲಯವು ದಶಕಗಳಿಂದ ಇಲ್ಲಿನ ಕೊಲಿಂಡೇಲ್ ಅವೆನ್ಯೂದಲ್ಲಿದೆ. ಆಹಾರದಿಂದ ಹರಡುವ ರೋಗಗಳ ಬಗೆಗಿನ ಪ್ರಸಿದ್ಧ ಪಠ್ಯವೊಂದನ್ನು 1953ರಲ್ಲಿ ಮೊದಲ ಬಾರಿಗೆ ಹೊರತಂದ ಬೆಟ್ಟಿ ಹಾಬ್ಸ್ ಅವರು ಇಲ್ಲಿನ ಆಹಾರ ನೈರ್ಮಲ್ಯ ಪ್ರಯೋಗಾಲಯದ ನಿರ್ದೇಶಕಿಯಾಗಿದ್ದರು. ಈ ಬಡಾವಣೆಯ ನಿವಾಸಿಯಾದ ನಾನು ವೈದ್ಯವೃತ್ತಿಯ ಜೊತೆಗೆ ಕೆಲವು ವರ್ಷಗಳಿಂದ ಸಾರ್ವಜನಿಕ ಆರೋಗ್ಯದ ದೂರಶಿಕ್ಷಣ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೇನೆ. ಪ್ರಶ್ನೆಯನ್ನು ಮನೆಗೆ ಒಯ್ದು, ಬೇಕಾದ ಪುಸ್ತಕಗಳನ್ನು ತೆರೆದಿಟ್ಟುಕೊಂಡು, ಮೂರು ದಿನಗಳೊಳಗೆ ಉತ್ತರ ಬರೆದು ಕಳುಹಿಸುವ ಪರೀಕ್ಷೆ ಅದು. ಅಂತಹ ಉತ್ತರದಲ್ಲಿ ಪುಸ್ತಕದಿಂದ ಬಂದದ್ದು ಯಾವುದು, ವಿದ್ಯಾರ್ಥಿಯ ತರ್ಕದಿಂದ ಬಂದದ್ದು ಯಾವುದು ಎಂಬುದನ್ನು ಬೇರ್ಪಡಿಸುವ ಕ್ರಮವನ್ನು ಒಂದು ಪ್ರಶ್ನೆಯ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ತೆರೆದ ಪುಸ್ತಕದ ಪರೀಕ್ಷೆ ನಮ್ಮವರಿಗೆ ತೀರಾ ಹೊಸತೇನಲ್ಲ. ಭಾರತದ ಸಿಬಿಎಸ್‌ಇ ಮಂಡಳಿಯು 2014ರಲ್ಲಿ 9 ಮತ್ತು 11ನೆಯ ತರಗತಿಗಳಿಗೆ ಇದರ ಒಂದು ರೂಪವನ್ನು ತಂದು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಅಂತಿಮ ವರ್ಷದ ವೈದ್ಯವಿದ್ಯಾರ್ಥಿಗಳು ಮನೆಯಲ್ಲಿಯೇ ಕುಳಿತು ಇಂತಹ ಪರೀಕ್ಷೆ ಬರೆದರು. ಅದೇ ವರ್ಷ ದೆಹಲಿ ವಿಶ್ವವಿದ್ಯಾಲಯವೂ ಈ ಕ್ರಮವನ್ನು ಅನುಸರಿಸಿತು. ಬಾಯಿಪಾಠಕ್ಕೆ ಇಲ್ಲಿ ಬೆಲೆಯಿಲ್ಲವೆಂಬುದು ಇದರ ಪರವಾಗಿ ಹೇಳುವ ಮಾತು. ಆದರೆ ಬಾಯಿಪಾಠದ ಸ್ಥಾನದಲ್ಲಿ ನಕಲು ಬಂದು ಕುಳಿತರೆ ಅದನ್ನು ಗುರುತಿಸುವ ಹೊಣೆ ಪರೀಕ್ಷಕನ ಮೇಲೆ ಬೀಳುತ್ತದೆ.

## ಪ್ರಶ್ನೆ

ಆಹಾರವಿಷದ ತನಿಖೆಯನ್ನು ಕಲಿಸುವವರೆಲ್ಲರೂ ಬಳಸುವ ಒಂದು ಹಳೆಯ ಪ್ರಕರಣವಿದೆ. 1940ರ ಏಪ್ರಿಲ್ 18ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಓಸ್ವೀಗೊ ಪ್ರಾಂತ್ಯದಲ್ಲಿ ಚರ್ಚಿನ ರಾತ್ರಿಯೂಟಕ್ಕೆ ಹೋದವರಲ್ಲಿ ಹಲವರು ವಾಂತಿಯಿಂದ ಅಸ್ವಸ್ಥರಾದರು. ವಿಚಾರಿಸಲಾದ 75 ಮಂದಿಯಲ್ಲಿ ವೆನಿಲ್ಲಾ ಐಸ್‌ಕ್ರೀಮ್ ತಿಂದವರು 54, ಅವರಲ್ಲಿ ಅಸ್ವಸ್ಥರು 43. ತಿನ್ನದವರು 21, ಅವರಲ್ಲಿ ಅಸ್ವಸ್ಥರು 3. ಹೀಗೆ ಐಸ್‌ಕ್ರೀಮೇ ಕಾರಣವೆಂಬುದು ಲೆಕ್ಕದಿಂದ ತೋರಿತು. ಈ ಪ್ರಕರಣದ ಪ್ರಶ್ನೆಗಳೂ ಉತ್ತರಗಳೂ ಎಲ್ಲೆಡೆ ಸಿಗುತ್ತವೆಯಾದ್ದರಿಂದ ಇದನ್ನು ಹಾಗೆಯೇ ಮನೆಗೆ ಕಳುಹಿಸಿದರೆ ಉತ್ತರವನ್ನೂ ಜೊತೆಗೇ ಕಳುಹಿಸಿದಂತಾಗುತ್ತದೆ. ಆದುದರಿಂದ ಅದರ ಚೌಕಟ್ಟನ್ನು ಮಾತ್ರ ಉಳಿಸಿಕೊಂಡು ಒಳಗಿನ ಸಂಗತಿಗಳನ್ನು ನಾನು ಬದಲಾಯಿಸಿದೆ. ಬದಲಾಯಿಸಿದ ಪ್ರಸಂಗವು ಸಂಪೂರ್ಣ ಕಲ್ಪಿತ.

ಲಂಡನ್ನಿನ ಸಭಾಭವನವೊಂದರಲ್ಲಿ ಯುಗಾದಿಯ ಊಟ. ಮಧ್ಯಾಹ್ನ 1 ಗಂಟೆಗೆ ಬಡಿಸಲಾಯಿತು. ಉಂಡವರು 80 ಮಂದಿ. ಅವರಲ್ಲಿ 34 ಮಂದಿ ಅಸ್ವಸ್ಥರಾದರು. ಹೆಚ್ಚಿನವರಿಗೆ 2 ಗಂಟೆಯಿಂದ 6 ಗಂಟೆಯೊಳಗೆ ವಾಂತಿ ಆರಂಭವಾಯಿತು. ಕೆಲವರಿಗೆ ಮಾತ್ರ ಭೇದಿ, ಜ್ವರ ಯಾರಿಗೂ ಇಲ್ಲ. ಬೆಳಗಾಗುವಷ್ಟರಲ್ಲಿ ಎಲ್ಲರೂ ಚೇತರಿಸಿಕೊಂಡಿದ್ದರು. ಚಿತ್ರಾನ್ನದ ಅನ್ನವನ್ನು ಹಿಂದಿನ ರಾತ್ರಿ 8 ಗಂಟೆಗೆ ಒಂದೇ ದೊಡ್ಡ ಪಾತ್ರೆಯಲ್ಲಿ ಮಾಡಿ, ಮುಚ್ಚಳ ಮುಚ್ಚಿ, ಅಡುಗೆಮನೆಯಲ್ಲಿಯೇ ಇಟ್ಟಿದ್ದರು. ಬೆಳಿಗ್ಗೆ 11 ಗಂಟೆಗೆ ಬಿಸಿ ಒಗ್ಗರಣೆ ಹಾಕಿ ಕಲಸಿದರು. ಹೋಳಿಗೆಯನ್ನು ತಟ್ಟಿದವರ ಬೆರಳಿಗೆ ಗಾಯವಾಗಿ ಪಟ್ಟಿ ಕಟ್ಟಿತ್ತು. ಉಳಿದ ಚಿತ್ರಾನ್ನ ಸಮಿತಿಯವರೊಬ್ಬರ ಫ್ರಿಜ್‌ನಲ್ಲಿದೆ, ಹೋಳಿಗೆ ಉಳಿದಿಲ್ಲ. ಯಾರು ಏನು ತಿಂದರೆಂಬ ಪಟ್ಟಿಯನ್ನು ಹೀಗೆ ಕೊಟ್ಟಿದ್ದೆ:

| ತಿಂದದ್ದು | ಒಟ್ಟು ಜನ | ಅಸ್ವಸ್ಥರು |
|---|---|---|
| ಚಿತ್ರಾನ್ನ, ಹೋಳಿಗೆ ಎರಡೂ | 42 | 26 |
| ಚಿತ್ರಾನ್ನ ಮಾತ್ರ | 8 | 5 |
| ಹೋಳಿಗೆ ಮಾತ್ರ | 18 | 2 |
| ಎರಡೂ ಇಲ್ಲ | 12 | 1 |

ಮರುದಿನ ಬೆಳಿಗ್ಗೆ 9 ಗಂಟೆಗೆ ಸ್ಥಳೀಯ ಆರೋಗ್ಯಾಧಿಕಾರಿ ನಿಮಗೆ ಫೋನ್ ಮಾಡುತ್ತಾರೆ. ಯಾವ ತಿನಿಸು ಕಾರಣವಿರಬಹುದು? ಯಾವ ರೋಗಾಣು? ಯಾವ ಪರೀಕ್ಷೆ ಮಾಡಿಸಬೇಕು? ಸಮಿತಿಯವರಿಗೆ ಏನು ಸಲಹೆ ಕೊಡಬೇಕು? 800 ಪದಗಳೊಳಗೆ ಉತ್ತರಿಸಬೇಕು. ಒಟ್ಟು 20 ಅಂಕ: ತಿನಿಸಿಗೆ 7, ರೋಗಾಣುವಿಗೆ 6, ಪರೀಕ್ಷೆಗೆ 3, ಸಲಹೆಗೆ 4. ಉತ್ತೀರ್ಣರಾಗಲು 10 ಅಂಕ ಬೇಕು.

## ಪುಸ್ತಕವು ಎಲ್ಲಿಯವರೆಗೆ ಕರೆದೊಯ್ಯುತ್ತದೆ

ಅಂಕ ಕೊಡುವ ಮೊದಲು ಪರೀಕ್ಷಕನು ತನ್ನ ಪ್ರಶ್ನೆಯ ಮೇಲೆಯೇ ಒಂದು ಗೆರೆ ಎಳೆದುಕೊಳ್ಳಬೇಕು. ಗೆರೆಯ ಈಚೆಗೆ ಪುಸ್ತಕ ತೆರೆದವರಿಗೆಲ್ಲ ಸಿಗುವ ಸಂಗತಿ. ಆಚೆಗೆ ಈ ಪ್ರಸಂಗವನ್ನು ಓದಿ ಯೋಚಿಸಿದವರಿಗೆ ಮಾತ್ರ ದೊರಕುವ ಸಂಗತಿ. ಈ ಗೆರೆ ಮೊದಲೇ ಸ್ಪಷ್ಟವಾಗಿರದಿದ್ದರೆ ಮುಂದೆ ಉತ್ತರದ ಇಂಗ್ಲಿಷು ಚೆನ್ನಾಗಿದೆಯೋ ಇಲ್ಲವೋ ಎಂಬುದೇ ಅಂಕವನ್ನು ನಿರ್ಧರಿಸಿಬಿಡುತ್ತದೆ.

ಪುಸ್ತಕ ಹೇಳುವುದು ಇಷ್ಟು. ಉಂಡ ಆರು ಗಂಟೆಗಳೊಳಗೆ ವಾಂತಿಯೇ ಮುಖ್ಯವಾಗಿ ಕಾಣಿಸಿಕೊಂಡರೆ ಎರಡು ರೋಗಾಣುಗಳನ್ನು ನೆನೆಯಬೇಕು. ಒಂದು ಸ್ಟೆಫೈಲೋಕಾಕಸ್ ಆರಿಯಸ್. ಇದು ಮನುಷ್ಯರ ಮೂಗು, ಚರ್ಮ, ಕೀವುಗಟ್ಟಿದ ಗಾಯಗಳಿಂದ ಆಹಾರಕ್ಕೆ ಸೇರುತ್ತದೆ. ಇನ್ನೊಂದು ಬ್ಯಾಸಿಲಸ್ ಸೀರಿಯಸ್. ಇದರ ಬೀಜಾಣುಗಳು ಅಕ್ಕಿಯಲ್ಲಿಯೇ ಇರುತ್ತವೆ, ಬೇಯಿಸಿದರೂ ಸಾಯುವುದಿಲ್ಲ. ಬೆಂದ ಅನ್ನವು ಬೆಚ್ಚಗೆ ಉಳಿದರೆ ಬೀಜಾಣುಗಳು ಮೊಳೆತು, ಬೆಳೆದು, ಸೀರ್ಯುಲೈಡ್ ಎಂಬ ವಿಷವನ್ನು ಅನ್ನದಲ್ಲಿಯೇ ಉಂಟುಮಾಡುತ್ತವೆ. ಈ ವಿಷ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಕೆಡುವುದಿಲ್ಲ. ಸಾಲ್ಮೊನೆಲ್ಲಾ, ನೋರೋವೈರಸ್, ಕ್ಲಾಸ್ಟ್ರೀಡಿಯಮ್ ಪರ್ಫ್ರಿಂಜೆನ್ಸ್‌ಗಳಿಗೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಇವನ್ನೆಲ್ಲ ಯಾರು ಬೇಕಾದರೂ ಪುಸ್ತಕದಿಂದ ಎತ್ತಿ ಬರೆಯಬಹುದು. ಎತ್ತಿ ಬರೆದದ್ದಕ್ಕೆ ಮಾತ್ರ ಅಂಕವಿಲ್ಲ.

ಪುಸ್ತಕ ಹೇಳದಿರುವುದು ಏನೆಂದರೆ, ಈ ಊಟದಲ್ಲಿ ಹೋಳಿಗೆಯೋ ಚಿತ್ರಾನ್ನವೋ ಎಂಬುದು. ಒಟ್ಟು ಲೆಕ್ಕ ತೆಗೆದರೆ ಚಿತ್ರಾನ್ನ ತಿಂದ 50 ಮಂದಿಯಲ್ಲಿ 31, ಅಂದರೆ ನೂರಕ್ಕೆ 62 ಮಂದಿ ಅಸ್ವಸ್ಥರು. ತಿನ್ನದ 30 ಮಂದಿಯಲ್ಲಿ 3, ಅಂದರೆ ನೂರಕ್ಕೆ 10. ಆರು ಪಟ್ಟಿಗಿಂತ ಹೆಚ್ಚು. ಹೋಳಿಗೆ ತಿಂದ 60 ಮಂದಿಯಲ್ಲಿ 28, ಅಂದರೆ ನೂರಕ್ಕೆ 47. ತಿನ್ನದ 20 ಮಂದಿಯಲ್ಲಿ 6, ಅಂದರೆ ನೂರಕ್ಕೆ 30. ಹೀಗೆ ನೋಡಿದರೆ ಹೋಳಿಗೆಯ ಮೇಲೂ ಸ್ವಲ್ಪ ಅನುಮಾನ ಉಳಿಯುತ್ತದೆ. ಬೆರಳಿನ ಪಟ್ಟಿ ಆ ಅನುಮಾನಕ್ಕೆ ಬಲ ಕೊಡುತ್ತದೆ. ಆದರೆ ಪಟ್ಟಿಯನ್ನು ಸಾಲುಸಾಲಾಗಿ ನೋಡಿದವರಿಗೆ ಬೇರೆಯೇ ಸಂಗತಿ ಕಾಣುತ್ತದೆ. ಹೋಳಿಗೆ ಮಾತ್ರ ತಿಂದ 18 ಮಂದಿಯಲ್ಲಿ 2, ಎರಡನ್ನೂ ತಿನ್ನದ 12 ಮಂದಿಯಲ್ಲಿ 1. ಇವೆರಡರ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಚಿತ್ರಾನ್ನ ತಿಂದವರಲ್ಲಿ ಹೋಳಿಗೆ ಸೇರಿದರೂ ಬಿಟ್ಟರೂ ನೂರಕ್ಕೆ 62ರ ಆಸುಪಾಸೇ. ಹೋಳಿಗೆ ತಿಂದವರಲ್ಲಿ ಹೆಚ್ಚಿನವರು ಚಿತ್ರಾನ್ನವನ್ನೂ ತಿಂದಿದ್ದರಿಂದ ಅದರ ಮೇಲೆ ಆರೋಪ ಬಂದಿತೇ ಹೊರತು ಹೋಳಿಗೆಯದೇನೂ ತಪ್ಪಿಲ್ಲ. ಬೆರಳಿನ ಪಟ್ಟಿಯನ್ನು ನಾನು ಬೇಕೆಂದೇ ಇಟ್ಟದ್ದು. ‘ಗಾಯ’ ಎಂಬ ಪದ ಕಂಡೊಡನೆ ಪುಸ್ತಕದ ಸ್ಟೆಫೈಲೋಕಾಕಸ್ ಪುಟಕ್ಕೆ ಓಡುವವರನ್ನು ಅದು ಬೇರ್ಪಡಿಸುತ್ತದೆ.

ಇಲ್ಲಿ ಒಂದು ಇತಿಹಾಸದ ಮಾತನ್ನು ಹೇಳಬೇಕು. ಬ್ಯಾಸಿಲಸ್ ಸೀರಿಯಸ್‌ನ ಆಹಾರವಿಷವನ್ನು ಸ್ಪಷ್ಟವಾಗಿ ವಿವರಿಸಿದವರು ನಾರ್ವೆಯ ಸ್ಟೈನರ್ ಹೌಗೆ. ಓಸ್ಲೋದಲ್ಲಿ ವೆನಿಲ್ಲಾ ಸಾಸ್ ತಿಂದವರಿಗೆ ಬಂದ ಭೇದಿಯನ್ನು ಅವರು ತನಿಖೆ ಮಾಡಿದರು. ರೋಗಾಣು ಬೆಳೆಸಿದ ಸಾಸನ್ನು ತಾವೇ ಕುಡಿದೂ ನೋಡಿದರು. ಅವರು ಕಂಡದ್ದು ಎಂಟರಿಂದ ಹದಿನಾರು ಗಂಟೆಗಳ ನಂತರ ಬರುವ ಭೇದಿ. ಬಹುಕಾಲ ಪುಸ್ತಕಗಳಲ್ಲಿ ಇದ್ದದ್ದು ಅದೊಂದೇ ಚಿತ್ರ. 1971ರಿಂದೀಚೆಗೆ ಬ್ರಿಟನ್ನಿನಲ್ಲಿ ಹುರಿದ ಅನ್ನವನ್ನು ತಿಂದವರು ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿಕೊಂಡ ಪ್ರಕರಣಗಳು ಒಂದರ ಹಿಂದೆ ಒಂದರಂತೆ ಬಂದವು. ಬೆಂದ ಅನ್ನವನ್ನು ರಾಶಿಯಾಗಿ ಹೊರಗೇ ಇಟ್ಟು, ಮರುದಿನ ಬೇಗನೆ ಹುರಿದು ಬಡಿಸುವ ಪದ್ಧತಿ ಅವುಗಳ ಹಿಂದಿತ್ತು. ಕೊಲಿಂಡೇಲ್‌ನ ಆಹಾರ ನೈರ್ಮಲ್ಯ ಪ್ರಯೋಗಾಲಯದವರೂ ಇವುಗಳ ಅಧ್ಯಯನದಲ್ಲಿ ಪಾಲುಗೊಂಡರು. ಆಗ ಯಾರಾದರೂ ಪುಸ್ತಕವನ್ನು ಮಾತ್ರ ನಂಬಿದ್ದರೆ, ‘ಬ್ಯಾಸಿಲಸ್ ಸೀರಿಯಸ್ ಇಷ್ಟು ಬೇಗ ವಾಂತಿ ತರಿಸುವುದಿಲ್ಲ’ ಎಂದು ಅದನ್ನು ಪಕ್ಕಕ್ಕಿಡಬೇಕಾಗಿತ್ತು. ರೋಗಿಗಳ ಹೊತ್ತು ಮತ್ತು ಅನ್ನದ ಪರೀಕ್ಷೆ ಪುಸ್ತಕದೊಡನೆ ಹೊಂದದಿರುವುದನ್ನು ಗಮನಿಸಿದ್ದರಿಂದಲೇ ವಾಂತಿಯ ರೂಪ ಬೇರೆಯೆಂಬುದು ತಿಳಿಯಿತು. ಇಂದು ವಿದ್ಯಾರ್ಥಿಗಳು ನಕಲು ಮಾಡುವ ಆ ಸಾಲು ಹಿಂದೊಮ್ಮೆ ಹೀಗೆ ತರ್ಕದಿಂದ ಪುಸ್ತಕಕ್ಕೆ ಸೇರಿದ್ದು.

## ಓದುವ ಕ್ರಮ

ಮೊದಲ ಓದಿನಲ್ಲಿ ನಾನು ಅಂಕವನ್ನೇ ಹಾಕುವುದಿಲ್ಲ. ಕೈಯಲ್ಲಿ ಪೆನ್ಸಿಲ್ ಹಿಡಿದು, ಪಕ್ಕದಲ್ಲಿ ಬೇರೊಂದು ಪ್ರಸಂಗವನ್ನು ಬರೆದಿಟ್ಟುಕೊಳ್ಳುತ್ತೇನೆ: ಮದುವೆಯ ಔತಣ, ಕೋಳಿಸಾರು, ಉಂಡ 14 ಗಂಟೆಗಳ ಮೇಲೆ ಹೊಟ್ಟೆನೋವು ಮತ್ತು ಭೇದಿ. ಉತ್ತರದ ಪ್ರತಿಯೊಂದು ವಾಕ್ಯಕ್ಕೂ ಒಂದೇ ಪ್ರಶ್ನೆ. ಈ ವಾಕ್ಯವನ್ನು ಆ ಮದುವೆಯ ಉತ್ತರದಲ್ಲಿ ಒಂದಕ್ಷರವೂ ಬದಲಿಸದೆ ಇಟ್ಟರೆ ನಡೆಯುತ್ತದೆಯೇ? ನಡೆಯುವುದಾದರೆ ಅದರ ಅಡಿಗೆ ಗೆರೆ. ‘ತನಿಖೆಯಲ್ಲಿ ಕಾಲ, ಸ್ಥಳ, ವ್ಯಕ್ತಿ ಈ ಮೂರನ್ನೂ ಪರಿಶೀಲಿಸಬೇಕು’ ಎಂಬ ವಾಕ್ಯಕ್ಕೆ ಗೆರೆ ಬೀಳುತ್ತದೆ. ‘ಹೋಳಿಗೆ ಮಾತ್ರ ತಿಂದವರಲ್ಲಿ ಅಸ್ವಸ್ಥರು ಇಬ್ಬರೇ’ ಎಂಬುದಕ್ಕೆ ಬೀಳುವುದಿಲ್ಲ. ವಾಕ್ಯವು ಪುಸ್ತಕದ ಪದಗಳಲ್ಲಿದೆಯೋ ಸ್ವಂತ ಪದಗಳಲ್ಲಿದೆಯೋ ಎಂಬುದನ್ನು ಈ ಹಂತದಲ್ಲಿ ಕೇಳುವುದೇ ಇಲ್ಲ. ಅದನ್ನು ಕೇಳಿದರೆ ದಾರಿ ತಪ್ಪುತ್ತದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಓದು ಗೆರೆ ಎಳೆದ ವಾಕ್ಯಗಳಿಗೆ ನ್ಯಾಯ ಒದಗಿಸುವುದಕ್ಕಾಗಿ. ಪುಸ್ತಕದಿಂದ ಎತ್ತಿದ್ದೆಲ್ಲವೂ ನಿರರ್ಥಕವಲ್ಲ. ಇಪ್ಪತ್ತು ರೋಗಾಣುಗಳ ಕೋಷ್ಟಕವನ್ನು ಇಡಿಯಾಗಿ ಇಳಿಸುವುದು ಬೇರೆ. ಆ ಕೋಷ್ಟಕದಿಂದ ಎರಡೇ ಸಾಲುಗಳನ್ನು ಆರಿಸಿ, ಅವುಗಳ ಕೆಳಗೆ ‘ಇಲ್ಲಿ ಹೆಚ್ಚಿನವರಿಗೆ ಒಂದರಿಂದ ಐದು ಗಂಟೆಗಳೊಳಗೆ, ಆದ್ದರಿಂದ ಉಳಿದವು ಬೇಡ’ ಎಂದು ಬರೆಯುವುದು ಬೇರೆ. ಎರಡನೆಯವನು ಆಯ್ಕೆ ಮಾಡಿದ್ದಾನೆ, ಆಯ್ಕೆಗೆ ಕಾರಣ ಕೊಟ್ಟಿದ್ದಾನೆ. ಹೀಗಾಗಿ ಗೆರೆ ಎಳೆದ ಪ್ರತಿಯೊಂದು ಭಾಗದ ಹಿಂದೆಯೂ ಮುಂದೆಯೂ ಕಣ್ಣಾಡಿಸಿ, ಅದನ್ನು ಪ್ರಸಂಗದ ಸಂಗತಿಗೆ ಕಟ್ಟುವ ‘ಆದ್ದರಿಂದ’ ಇದೆಯೇ ಎಂದು ಹುಡುಕುತ್ತೇನೆ. ಇದ್ದರೆ ಅಂಚಿನಲ್ಲಿ ಒಂದು ಕೊಂಡಿಯ ಗುರುತು. ಅಂಕ ಬೀಳುವುದು ಆ ಕೊಂಡಿಗೆ.

ಮೂರನೆಯ ಓದು ಕೊಂಡಿಯ ಗಟ್ಟಿತನವನ್ನು ನೋಡುವುದಕ್ಕೆ. ‘ಆದ್ದರಿಂದ’ ಎಂಬ ಪದವಿದ್ದ ಮಾತ್ರಕ್ಕೆ ತರ್ಕವಿದೆಯೆಂದಲ್ಲ. ಲೆಕ್ಕವನ್ನು ಮತ್ತೆ ಮಾಡಿ ನೋಡಬೇಕು. ಉತ್ತರದ ಒಂದು ಭಾಗ ಇನ್ನೊಂದನ್ನು ಸುಳ್ಳಾಗಿಸುತ್ತದೆಯೇ ಎಂದೂ ನೋಡಬೇಕು. ನಕಲು ಮಾಡಿದವರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿ. ಒಂದು ಪುಟದಲ್ಲಿ ‘ಈ ವಿಷ ಕಾಯಿಸಿದರೂ ಕೆಡದು’ ಎಂದು ಬರೆದು, ಕೊನೆಯ ಪುಟದಲ್ಲಿ ‘ಆಹಾರವನ್ನು 75 ಡಿಗ್ರಿಗೆ ಚೆನ್ನಾಗಿ ಬಿಸಿ ಮಾಡಿ ಬಡಿಸಲು ಹೇಳಬೇಕು’ ಎಂದು ಬರೆದಿರುತ್ತಾರೆ. ಎರಡೂ ಪುಸ್ತಕದ ವಾಕ್ಯಗಳೇ, ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿಯೇ. ಆದರೆ ಈ ಚಿತ್ರಾನ್ನಕ್ಕೆ ಎರಡನೆಯ ಸಲಹೆ ಉಪಯೋಗವಿಲ್ಲದ್ದು; ಮಾತ್ರವಲ್ಲ, ಬಿಸಿ ಮಾಡಿದ್ದೇವೆಂಬ ಧೈರ್ಯದಿಂದ ಮುಂದಿನ ಯುಗಾದಿಗೂ ಜನರು ಹಾಸಿಗೆ ಹಿಡಿಯುವಂತೆ ಮಾಡಬಲ್ಲದ್ದು. ಇಲ್ಲಿ ಬೇಕಾದ ಸಲಹೆ ಬೇರೆ. ಅನ್ನವನ್ನು ಆದಷ್ಟು ಬಡಿಸುವ ದಿನವೇ ಮಾಡಬೇಕು. ಮೊದಲೇ ಮಾಡಿದರೆ ಅಗಲವಾದ ತಟ್ಟೆಗಳಲ್ಲಿ ಹರಡಿ, ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಸೇರಿಸಬೇಕು. ಬಿಸಿಯಾಗಿ ಇಡುವುದಾದರೆ 63 ಡಿಗ್ರಿಗಿಂತ ಮೇಲಿರಬೇಕು.

## ಮೂರು ಉತ್ತರಗಳು

ಈ ಪ್ರಶ್ನೆಗೆ ಬಂದ ಮೂರು ಬಗೆಯ ಉತ್ತರಗಳನ್ನು ಕ, ಖ, ಗ ಎಂದು ಕರೆಯೋಣ. ವಿದ್ಯಾರ್ಥಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ.

ಕ ಉತ್ತರದಲ್ಲಿ ತನಿಖೆಯ ಹತ್ತು ಹಂತಗಳು, ಆಹಾರವಿಷದ ವ್ಯಾಖ್ಯೆ, ರೋಗಾಣುಗಳ ಸಂಪೂರ್ಣ ಕೋಷ್ಟಕ ಎಲ್ಲವೂ ಇದ್ದವು. ಭಾಷೆ ನಿರ್ದುಷ್ಟ. ಎರಡು ತಿನಿಸುಗಳ ಒಟ್ಟು ಲೆಕ್ಕವೂ ಸರಿಯಿತ್ತು. ಆದರೆ ಸಾಲುಸಾಲಾಗಿ ನೋಡದೆ ‘ಎರಡೂ ಅನುಮಾನಾಸ್ಪದ, ಬೆರಳಿನ ಗಾಯದಿಂದಾಗಿ ಹೋಳಿಗೆಯೇ ಮುಖ್ಯ’ ಎಂದು ತೀರ್ಮಾನಿಸಿತ್ತು. ತಾಪಮಾನ ಒಂದೆಡೆ ಸೆಲ್ಸಿಯಸ್‌ನಲ್ಲಿ, ಇನ್ನೊಂದೆಡೆ ಫ್ಯಾರನ್‌ಹೀಟ್‌ನಲ್ಲಿ. ಕೊನೆಗೆ ಉಳಿದ ಐಸ್‌ಕ್ರೀಮನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕೆಂಬ ಸಲಹೆ! ಓಸ್ವೀಗೊದ ಚರ್ಚಿನಿಂದ ಐಸ್‌ಕ್ರೀಮ್ ನಮ್ಮ ಯುಗಾದಿಗೆ ಬಂದು ಸೇರಿತ್ತು. ಇಂತಹ ಗುರುತುಗಳು ನಕಲನ್ನು ತೋರಿಸುತ್ತವೆ. ಆದರೆ ಅಂಕವನ್ನು ನಾನು ಅವುಗಳ ಮೇಲೆ ನಿಲ್ಲಿಸುವುದಿಲ್ಲ. ಲೆಕ್ಕ ಮಾಡಿದ್ದಕ್ಕೆ 3, ಗಾಯಕ್ಕೂ ರೋಗಾಣುವಿಗೂ ಒಂದು ದುರ್ಬಲ ಕೊಂಡಿ ಹಾಕಿದ್ದಕ್ಕೆ 1, ಅಸ್ವಸ್ಥರ ವಾಂತಿಯ ಮಾದರಿ ಕೇಳಿದ್ದಕ್ಕೆ 1, ಸಲಹೆಗೆ ಶೂನ್ಯ. ಒಟ್ಟು 5.

ಖ ಉತ್ತರದ ಇಂಗ್ಲಿಷು ತಡವರಿಸುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಭಾಗ ಪುಸ್ತಕದ ವಾಕ್ಯಗಳೇ. ಪುಸ್ತಕದ ಹೆಸರು, ಪುಟ ಹೇಳಿ ಎತ್ತಿದವು. ಅವುಗಳ ನಡುವೆ ತುಂಡು ತುಂಡು ವಾಕ್ಯಗಳು. ಅವುಗಳ ಅರ್ಥ ಹೀಗಿತ್ತು: ‘ಹೋಳಿಗೆ ಮಾತ್ರ, 18ರಲ್ಲಿ 2. ಏನೂ ಇಲ್ಲ, 12ರಲ್ಲಿ 1. ಎರಡೂ ಒಂದೇ. ಹೋಳಿಗೆ ಅಲ್ಲ.’ ವಿಷವು ಕಾಯಿಸಿದರೆ ಕೆಡದೆಂಬ ಪುಸ್ತಕದ ಉದ್ಧರಣೆಯ ಕೆಳಗೆ: ‘ಒಗ್ಗರಣೆ ಬಂದದ್ದು 15 ಗಂಟೆ ಆದ ಮೇಲೆ. ವಿಷ ಮೊದಲೇ ಆಗಿದೆ. ಬಿಸಿ ಪ್ರಯೋಜನವಿಲ್ಲ. ಅನ್ನ ಬೇಗ ಆರಿಸಲು ಹೇಳಿ.’ ಪರೀಕ್ಷೆಯ ಭಾಗದಲ್ಲಿ, ಉಳಿದ ಚಿತ್ರಾನ್ನವನ್ನು ಎಸೆಯಿರಿ ಎನ್ನುವ ಮೊದಲು ಅದರ ಮಾದರಿ ತೆಗೆದುಕೊಳ್ಳಬೇಕು ಎಂದಿತ್ತು. ಸಂಶಯಾಸ್ಪದ ಆಹಾರವನ್ನು ಎಸೆಯಬೇಕೆಂಬುದು ಪುಸ್ತಕದ ಸಾಮಾನ್ಯ ಸೂಚನೆ. ಇಲ್ಲಿ ಅದೊಂದೇ ಸಾಕ್ಷ್ಯ ಉಳಿದಿದೆಯೆಂಬುದನ್ನು ಕಂಡದ್ದು ವಿದ್ಯಾರ್ಥಿನಿಯ ತರ್ಕ. ಕೊರತೆಗಳೂ ಇದ್ದವು. ಚಿತ್ರಾನ್ನ ತಿನ್ನದ ಮೂವರು ಏಕೆ ಅಸ್ವಸ್ಥರಾದರೆಂದು ಆಕೆ ಕೇಳಿಕೊಳ್ಳಲಿಲ್ಲ. ರುಚಿ ನೋಡಿದ್ದನ್ನು ಮರೆತಿರಬಹುದು, ಒಂದೇ ಸೌಟಿನಿಂದ ಬಡಿಸಿರಬಹುದು, ಬೇರೆ ಕಾರಣದಿಂದಲೂ ವಾಂತಿಯಾಗಿರಬಹುದು. ಅನ್ನವನ್ನು ಕೈಯಿಂದ ಕಲಸಿದ್ದರೆ ಸ್ಟೆಫೈಲೋಕಾಕಸ್‌ಗೂ ಅವಕಾಶವಿದೆ, ಆದುದರಿಂದ ಪ್ರಯೋಗಾಲಯದವರು ಎರಡನ್ನೂ ಹುಡುಕಬೇಕು ಎಂದೂ ಬರೆಯಲಿಲ್ಲ. ತಿನಿಸಿಗೆ 6, ರೋಗಾಣುವಿಗೆ 4, ಪರೀಕ್ಷೆಗೆ 2, ಸಲಹೆಗೆ 3. ಒಟ್ಟು 15.

ಗ ಉತ್ತರದಲ್ಲಿ ನಕಲಿನ ಒಂದು ವಾಕ್ಯವೂ ಇರಲಿಲ್ಲ. ಎಲ್ಲವೂ ಸ್ವಂತ ಮಾತು, ಓದಲು ಹಿತ. ‘ಕೊಟ್ಟ ಅಂಕಿಅಂಶಗಳನ್ನು ಎಚ್ಚರದಿಂದ ವಿಶ್ಲೇಷಿಸಿದರೆ ಅನ್ನದ ಪದಾರ್ಥದ ಪಾತ್ರ ಇರಬಹುದೆಂದು ತೋರುತ್ತದೆ’ ಎಂದಿತ್ತು. ವಿಶ್ಲೇಷಣೆ ಮಾತ್ರ ಎಲ್ಲಿಯೂ ಇರಲಿಲ್ಲ. ನನ್ನ ಪೆನ್ಸಿಲ್ ಓಡಿದಂತೆ ಪುಟದ ಮೇಲೆ ಪುಟಕ್ಕೆ ಗೆರೆ ಬಿದ್ದಿತು. ಕೋಳಿಸಾರಿನ ಮದುವೆಗೆ ಇದನ್ನು ಕಳುಹಿಸಿದ್ದರೆ ‘ಅನ್ನ’ ಎಂಬ ಒಂದು ಪದವನ್ನು ತಿದ್ದಿದರೆ ಸಾಕಾಗುತ್ತಿತ್ತು. ಹೊತ್ತನ್ನು ಗಮನಿಸಿ ಭೇದಿಯ ರೋಗಾಣುಗಳನ್ನು ಬಿಟ್ಟದ್ದಕ್ಕೆ, ಅನ್ನವನ್ನು ಹೆಸರಿಸಿದ್ದಕ್ಕೆ, ಫ್ರಿಜ್‌ನ ಮಾದರಿಯನ್ನು ನೆನಪಿಸಿದ್ದಕ್ಕೆ ಸೇರಿ 6 ಅಂಕ.

## ನಾನು ತಪ್ಪಿದ್ದು

ಮೇಲಿನ ಅಂಕಗಳು ನನ್ನ ಮೊದಲ ಅಂಕಗಳಲ್ಲ. ಮೊದಲ ವರ್ಷ ಈ ಕ್ರಮ ನನಗೆ ಗೊತ್ತಿರಲಿಲ್ಲ. ಖ ಉತ್ತರಕ್ಕೆ ನಾನು ಕೊಟ್ಟದ್ದು 8, ಗ ಉತ್ತರಕ್ಕೆ 12. ಅಂದರೆ ಯೋಚಿಸಿದವಳು ಅನುತ್ತೀರ್ಣಳು, ಯೋಚಿಸದವನು ಉತ್ತೀರ್ಣ. ಇಲ್ಲಿನ ಪದ್ಧತಿಯಂತೆ ಇನ್ನೊಬ್ಬ ಪರೀಕ್ಷಕರು ನನ್ನ ಅಂಕಗಳನ್ನು ನೋಡದೆಯೇ ಅವೇ ಉತ್ತರಗಳನ್ನು ಓದಿದ್ದರು. ಅವರದು 15 ಮತ್ತು 6. ಇಷ್ಟು ಅಂತರ ಬಂದಾಗ ಇಬ್ಬರೂ ಕುಳಿತು ಮಾತನಾಡಲೇಬೇಕು. ಸರಾಸರಿ ತೆಗೆದು ಮುಗಿಸುವುದಲ್ಲ.

ಅವರು ನನ್ನನ್ನು ಕೇಳಿದ್ದು ಒಂದೇ ಮಾತು: ‘ಹೋಳಿಗೆಯನ್ನು ಬಿಟ್ಟದ್ದು ಏಕೆಂದು ಈ ಇಬ್ಬರಲ್ಲಿ ಹೇಳಿದವರು ಯಾರು, ತೋರಿಸಿ.’ ಖ ಉತ್ತರದ ಎರಡನೆಯ ಪುಟದಲ್ಲಿ ತೋರಿಸಿದೆ. ಗ ಉತ್ತರದಲ್ಲಿ ಬೆರಳಿಡಲು ಜಾಗವಿರಲಿಲ್ಲ. ನಾನು ನಕಲಿನ ವಾಕ್ಯಗಳನ್ನು ಕಂಡು ಖ ಉತ್ತರದ ಮೇಲೆ ಮುನಿಸಿಕೊಂಡು, ಅವುಗಳ ನಡುವಣ ನಾಲ್ಕು ತುಂಡು ವಾಕ್ಯಗಳನ್ನು ದಾಟಿಹೋಗಿದ್ದೆ. ಗ ಉತ್ತರದ ನಯವಾದ ಭಾಷೆಯನ್ನು ಯೋಚನೆಯೆಂದು ಬಗೆದಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿ, ವೈದ್ಯ ಕಾಲೇಜಿಗೆ ಬಂದ ಮೊದಲ ವರ್ಷ ಪುಸ್ತಕದ ಇಂಗ್ಲಿಷ್ ವಾಕ್ಯಗಳನ್ನೇ ಊರುಗೋಲು ಮಾಡಿಕೊಂಡು ಉತ್ತರ ಬರೆದವನು ನಾನು. ಸ್ವಂತ ವಾಕ್ಯ ತಪ್ಪಾದೀತೆಂಬ ಭಯದಿಂದ ಪುಸ್ತಕದ ವಾಕ್ಯವನ್ನು ಹಿಡಿಯುವವರಿಗೆ ಯೋಚನೆ ಇಲ್ಲವೆಂದಲ್ಲ ಎಂಬುದನ್ನು ಎಲ್ಲರಿಗಿಂತ ಮೊದಲು ನಾನೇ ಅರಿಯಬೇಕಾಗಿತ್ತು. ಅಂಕಗಳನ್ನು ತಿದ್ದಿದೆವು. ಮೊದಲ ಓದಿನಲ್ಲಿ ಪದಗಳು ಯಾರವು ಎಂದು ಕೇಳಬಾರದೆಂಬ ನಿಯಮ ಹುಟ್ಟಿದ್ದು ಅಂದು.

## ಹೋಲಿಕೆಯ ತಂತ್ರಾಂಶ ಮತ್ತು ಶಿಸ್ತಿನ ಪ್ರಶ್ನೆ

ಇಂದು ವಿಶ್ವವಿದ್ಯಾಲಯಗಳಲ್ಲಿ ಉತ್ತರಗಳನ್ನು ಪುಸ್ತಕ, ಲೇಖನಗಳೊಡನೆ ಹೋಲಿಸಿ, ನೂರಕ್ಕೆ ಇಷ್ಟು ಭಾಗ ಹೊಂದುತ್ತದೆಯೆಂದು ತಿಳಿಸುವ ತಂತ್ರಾಂಶಗಳಿವೆ. ಅವು ಹೇಳುವುದು ಪದಗಳ ಹೋಲಿಕೆಯನ್ನು ಮಾತ್ರ. ಖ ಉತ್ತರದಂತಹದು ಅವುಗಳ ಕಣ್ಣಿಗೆ ಕೆಂಪಾಗಿ ಕಾಣುತ್ತದೆ, ಗ ಉತ್ತರದಂತಹದು ಹಸಿರಾಗಿ. ಉದ್ಧರಣ ಚಿಹ್ನೆಯೊಳಗಿನ ಮಾತು, ಪ್ರಮಾಣಿತ ವ್ಯಾಖ್ಯೆ, ಪ್ರಶ್ನೆಯಿಂದಲೇ ಎತ್ತಿಕೊಂಡ ಕೋಷ್ಟಕ ಇವೂ ಆ ಲೆಕ್ಕಕ್ಕೆ ಸೇರಬಹುದು. ಆದುದರಿಂದ ನಾನು ಆ ವರದಿಯನ್ನು ಅಂಕ ಹಾಕಿ ಮುಗಿಸಿದ ಮೇಲೆಯೇ ತೆರೆಯುತ್ತೇನೆ.

ತೆರೆದಾಗ ನೋಡುವುದು ಬೇರೊಂದು ಪ್ರಶ್ನೆಯನ್ನು: ಎತ್ತಿಕೊಂಡದ್ದನ್ನು ಎತ್ತಿಕೊಂಡದ್ದೆಂದು ಹೇಳಿದ್ದಾರೆಯೇ? ಖ ವಿದ್ಯಾರ್ಥಿನಿ ಹೇಳಿದ್ದಳು. ಕ ವಿದ್ಯಾರ್ಥಿ ಹೇಳಿರಲಿಲ್ಲ. ಹೇಳದೆ ಎತ್ತಿಕೊಳ್ಳುವುದು ಶಿಸ್ತಿನ ವಿಷಯ. ಅದನ್ನು ವಿಚಾರಿಸಲು ಬೇರೆ ಸಮಿತಿ ಇರುತ್ತದೆ, ವಿದ್ಯಾರ್ಥಿಗೆ ತನ್ನ ಮಾತು ಹೇಳುವ ಅವಕಾಶವೂ ಇರುತ್ತದೆ. ಪರೀಕ್ಷಕನು ಅನುಮಾನ ಬಂದೊಡನೆ ಸದ್ದಿಲ್ಲದೆ ಎರಡು ಅಂಕ ಕತ್ತರಿಸಿದರೆ, ವಿಚಾರಣೆಯಿಲ್ಲದೆ ಶಿಕ್ಷೆ ಕೊಟ್ಟಂತೆ. ತಪ್ಪು ಮಾಡದವನಿಗೂ ಅದು ಬೀಳಬಹುದು, ಮಾಡಿದವನು ಎರಡೇ ಅಂಕದಲ್ಲಿ ಪಾರಾಗಲೂಬಹುದು. ಕ ಉತ್ತರದ 5 ಅಂಕ ತರ್ಕದ ಕೊರತೆಗೆ ಬಿದ್ದದ್ದು. ಐಸ್‌ಕ್ರೀಮಿನ ವಿಷಯವನ್ನು ಬೇರೆ ಕಾಗದದಲ್ಲಿ ಬರೆದು ಆ ಸಮಿತಿಗೆ ಕಳುಹಿಸಿದೆ.

## ಈ ಕ್ರಮದ ಮಿತಿ

ಪೆನ್ಸಿಲಿನ ಗೆರೆಯಿಂದ ಎಲ್ಲವೂ ತಿಳಿಯುವುದಿಲ್ಲ. ಉತ್ತರದಲ್ಲಿರುವ ತರ್ಕ ವಿದ್ಯಾರ್ಥಿಯದೋ, ಪಕ್ಕದಲ್ಲಿ ಕುಳಿತ ಅಕ್ಕನದೋ ಎಂಬುದನ್ನು ಕಾಗದ ಹೇಳಲಾರದು. ಅನುಮಾನವಿರುವವರನ್ನು ಮಾತ್ರ ಕರೆದರೆ ಅದೇ ಆರೋಪವಾಗುತ್ತದೆ. ಆದುದರಿಂದ ಈಗ ನಾವು ಎಲ್ಲರೊಡನೆಯೂ ಹತ್ತು ನಿಮಿಷ ಮಾತನಾಡುತ್ತೇವೆ. ಆಗ ಪುಸ್ತಕದ ಪ್ರಶ್ನೆ ಕೇಳುವುದಿಲ್ಲ, ಪಟ್ಟಿಯ ಒಂದು ಸಾಲನ್ನು ಬದಲಿಸುತ್ತೇವೆ. ‘ಹೋಳಿಗೆ ಮಾತ್ರ ತಿಂದ 18 ಮಂದಿಯಲ್ಲಿ 2ರ ಬದಲು 11 ಮಂದಿ ಅಸ್ವಸ್ಥರಾಗಿದ್ದರೆ ಏನು ಹೇಳುತ್ತಿದ್ದಿರಿ?’ ಹೋಳಿಗೆ ಮಾತ್ರ ತಿಂದವರಲ್ಲೂ ನೂರಕ್ಕೆ 61 ಮಂದಿ ಅಸ್ವಸ್ಥರಾದರೆ ಹೋಳಿಗೆಯ ಮೇಲೆಯೂ ಆರೋಪ ನಿಲ್ಲುತ್ತದೆ. ಎರಡೂ ತಿನಿಸುಗಳಿಗೆ ಸಮಾನವಾದದ್ದೇನು, ಒಂದೇ ಕೈ ಎರಡನ್ನೂ ಮುಟ್ಟಿತೇ ಎಂದು ಹುಡುಕಬೇಕಾಗುತ್ತದೆ. ಆಗ ಬೆರಳಿನ ಪಟ್ಟಿಗೂ ಅರ್ಥ ಬರುತ್ತದೆ. ಮೊದಲ ತೀರ್ಮಾನ ತಾನೇ ಮಾಡಿದವರು ಒಂದೆರಡು ನಿಮಿಷ ಸುಮ್ಮನಿದ್ದು, ಅದನ್ನು ಬದಲಿಸಿ, ಏಕೆ ಬದಲಿಸಿದೆನೆಂದು ಹೇಳುತ್ತಾರೆ. ಎರವಲು ತಂದವರು ಹಳೆಯ ತೀರ್ಮಾನವನ್ನೇ ಇನ್ನೂ ಗಟ್ಟಿಯಾಗಿ ಹೇಳುತ್ತಾರೆ.

ಇನ್ನೊಂದು ಮಿತಿ ಪ್ರಶ್ನೆಯದು. ಒಮ್ಮೆ ಮನೆಗೆ ಹೋದ ಪ್ರಶ್ನೆ ಮರಳಿ ಬರುವಷ್ಟರಲ್ಲಿ ಉತ್ತರ ಸಹಿತ ಊರೆಲ್ಲ ಸುತ್ತಿರುತ್ತದೆ. ಈ ಚಿತ್ರಾನ್ನವನ್ನು ನಾನು ಇನ್ನು ಬಳಸುವಂತಿಲ್ಲ. ಅದಕ್ಕೇ ಇಲ್ಲಿ ಬಿಚ್ಚಿ ಹೇಳಿದ್ದು. ಮುಂದಿನ ವರ್ಷದ ಪಟ್ಟಿಯಲ್ಲಿ ಬೇರೆ ತಿನಿಸು, ಬೇರೆ ಹೊತ್ತು, ಬೇರೊಂದು ಬೆರಳಿನ ಪಟ್ಟಿ ಇರಬೇಕು.

ಖ ವಿದ್ಯಾರ್ಥಿನಿಯ ಉತ್ತರದಲ್ಲಿ ಒಂದು ಸಾಲಿಗೆ ಎರಡನೆಯ ಪರೀಕ್ಷಕರೂ ನಾನೂ ಒಟ್ಟಿಗೇ ಕೊಂಡಿಯ ಗುರುತು ಹಾಕಿದ್ದೆವು. ‘ಹೋಳಿಗೆ ಮಾಡಿದವರಿಗೆ ಈಗಲೇ ಫೋನ್ ಮಾಡಿ ಹೇಳಿ, ಅವರಿಂದ ಆದದ್ದಲ್ಲ ಎಂದು’ ಎಂಬುದು ಆ ಸಾಲು. ಇದು ಯಾವ ಪುಸ್ತಕದಲ್ಲಿಯೂ ಇಲ್ಲ. ಎಂಬತ್ತು ಮಂದಿ ಉಂಡ ಮನೆಯಲ್ಲಿ ಬೆರಳಿಗೆ ಪಟ್ಟಿ ಕಟ್ಟಿಕೊಂಡವರ ಕಡೆಗೆ ಎಲ್ಲರೂ ನೋಡುತ್ತಿರುವಾಗ, ಪಟ್ಟಿಯ ಮೂರನೆಯ ಸಾಲನ್ನು ಓದಿದವರು ಮಾತ್ರ ಈ ಮಾತನ್ನು ಹೇಳಬಲ್ಲರು.